ಕಡತಗಳ ಸಿಂಕ್ ಮತ್ತು ಬ್ಯಾಕಪ್

ಸಿಂಕ್ ಎಂಬುದು ಎರಡು ಅಥವಾ ಹೆಚ್ಚು ಸಾಧನಗಳಲ್ಲಿರುವ ಫೋಲ್ಡರುಗಳನ್ನು ಸದಾ ಒಂದೇ ಸ್ಥಿತಿಯಲ್ಲಿ ಇರಿಸುವ ವ್ಯವಸ್ಥೆ. ಬ್ಯಾಕಪ್ ಎಂಬುದು ಒಂದು ನಿರ್ದಿಷ್ಟ ಸಮಯದಲ್ಲಿದ್ದ ಕಡತಗಳ ಪ್ರತಿಯನ್ನು, ಮೂಲದಲ್ಲಿ ಮುಂದೆ ಏನೇ ಬದಲಾದರೂ ಪ್ರತಿಗೆ ತಾಗದಂತೆ ಬೇರೆಡೆ ಕಾಯ್ದಿಡುವ ವ್ಯವಸ್ಥೆ. ಡ್ರಾಪ್‌ಬಾಕ್ಸ್, ಒನ್‌ಡ್ರೈವ್, ಗೂಗಲ್ ಡ್ರೈವ್, ಐಕ್ಲೌಡ್ ಡ್ರೈವ್ ಮುಂತಾದ ಕ್ಲೌಡ್ ಸೇವೆಗಳ ಮುಖ್ಯ ಕಾರ್ಯ ಸಿಂಕ್. ಕಡತದ ಒಂದು ಪ್ರತಿ ದೂರದ ಸರ್ವರಿನಲ್ಲಿ ಇರುವುದರಿಂದ ಇವನ್ನು ಬ್ಯಾಕಪ್ ಎಂದು ಭಾವಿಸುವುದು ಸಾಮಾನ್ಯ. ಗಣಕದ ಡಿಸ್ಕ್ ಕೆಟ್ಟಾಗ ಅಥವಾ ಗಣಕ ಕಳವಾದಾಗ ಈ ಭಾವನೆ ಬಹುಮಟ್ಟಿಗೆ ನಿಜವೂ ಆಗುತ್ತದೆ. ಆದರೆ ಬಳಕೆದಾರರೇ ಕಡತವನ್ನು ಅಳಿಸಿದಾಗ ಅದು ಸುಳ್ಳಾಗುತ್ತದೆ, ಏಕೆಂದರೆ ಸಿಂಕ್ ವ್ಯವಸ್ಥೆಯು ಅಳಿಸುವಿಕೆಯನ್ನೂ ಒಂದು ಬದಲಾವಣೆ ಎಂದೇ ಎಣಿಸಿ ಎಲ್ಲ ಸಾಧನಗಳಿಗೂ ತಲುಪಿಸುತ್ತದೆ.

## ಅಳಿಸುವಿಕೆ ಹರಡುವ ಬಗೆ

ಒಂದು ಫೋಲ್ಡರಿನ ಎರಡು ಪ್ರತಿಗಳಿವೆ ಎಂದು ಭಾವಿಸೋಣ. ಒಂದು ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಸರ್ವರಿನಲ್ಲಿ. ಸರ್ವರಿನಲ್ಲಿ ಇರುವ ಒಂದು ಕಡತ ಲ್ಯಾಪ್‌ಟಾಪಿನಲ್ಲಿ ಇಲ್ಲ. ಇದಕ್ಕೆ ಎರಡು ಅರ್ಥಗಳಿರಬಹುದು. ಕಡತವನ್ನು ಬೇರೊಂದು ಸಾಧನದಿಂದ ಈಗಷ್ಟೇ ಸೇರಿಸಿರಬಹುದು. ಹಾಗಿದ್ದರೆ ಅದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬೇಕು. ಅಥವಾ ಮೊದಲು ಎರಡೂ ಕಡೆ ಇದ್ದ ಕಡತವನ್ನು ಲ್ಯಾಪ್‌ಟಾಪಿನಲ್ಲಿ ಅಳಿಸಿರಬಹುದು. ಹಾಗಿದ್ದರೆ ಸರ್ವರಿನಲ್ಲೂ ಅಳಿಸಬೇಕು. ಎರಡು ಫೋಲ್ಡರುಗಳನ್ನು ಅಕ್ಕಪಕ್ಕ ಇಟ್ಟು ಎಷ್ಟು ನೋಡಿದರೂ ಇವೆರಡರಲ್ಲಿ ಯಾವುದು ನಡೆದಿದೆ ಎಂದು ತಿಳಿಯಲಾಗದು.

ಆದ್ದರಿಂದ ಸಿಂಕ್ ತಂತ್ರಾಂಶವು ಮೂರನೆಯದೊಂದನ್ನು ಇಟ್ಟುಕೊಳ್ಳುತ್ತದೆ: ಕಳೆದ ಸಲ ಎರಡೂ ಕಡೆ ಸರಿಹೊಂದಿದಾಗ ಏನೇನು ಇತ್ತು ಎಂಬ ದಾಖಲೆ. ಈ ದಾಖಲೆಯಲ್ಲಿ ಕಡತಗಳ ಹೆಸರು, ಅಳತೆ, ಬದಲಾದ ಸಮಯ, ಒಳಗಿನ ಮಾಹಿತಿಯ ಗುರುತುಸಂಖ್ಯೆ ಮುಂತಾದವು ಇರುತ್ತವೆಯೇ ಹೊರತು ಕಡತದ ಒಳಗಿನ ಮಾಹಿತಿ ಇರುವುದಿಲ್ಲ. ತೀರ್ಮಾನವು ಈ ಮೂರನ್ನೂ ಹೋಲಿಸುವುದರಿಂದ ಹುಟ್ಟುತ್ತದೆ.

| ಹಿಂದಿನ ದಾಖಲೆ | ಲ್ಯಾಪ್‌ಟಾಪ್ | ಸರ್ವರ್ | ತೀರ್ಮಾನ |
|---|---|---|---|
| ಇಲ್ಲ | ಇಲ್ಲ | ಇದೆ | ಹೊಸ ಕಡತ. ಲ್ಯಾಪ್‌ಟಾಪಿಗೆ ಇಳಿಸು |
| ಇದೆ | ಇಲ್ಲ | ಇದೆ | ಲ್ಯಾಪ್‌ಟಾಪಿನಲ್ಲಿ ಅಳಿಸಲಾಗಿದೆ. ಸರ್ವರಿನಲ್ಲೂ ಅಳಿಸು |
| ಇದೆ | ಇದೆ | ಇಲ್ಲ | ಬೇರೆಡೆ ಅಳಿಸಲಾಗಿದೆ. ಲ್ಯಾಪ್‌ಟಾಪಿನಲ್ಲೂ ಅಳಿಸು |

ಎರಡನೆಯ ಮತ್ತು ಮೂರನೆಯ ಸಾಲುಗಳೇ ಈ ವಿಷಯದ ತಿರುಳು. ಒಂದು ಸಾಧನದಲ್ಲಿ ಕಡತವನ್ನು ಅಳಿಸಿದಾಗ ಎರಡನೆಯ ಸಾಲಿನಂತೆ ಅದು ಸರ್ವರಿನಿಂದ ಹೋಗುತ್ತದೆ. ಆ ಬಳಿಕ ಖಾತೆಗೆ ಸೇರಿದ ಉಳಿದ ಪ್ರತಿಯೊಂದು ಸಾಧನವೂ ಸರ್ವರನ್ನು ಸಂಪರ್ಕಿಸಿ, ಮೂರನೆಯ ಸಾಲಿನಂತೆ ತನ್ನಲ್ಲಿರುವ ಪ್ರತಿಯನ್ನು ತೆಗೆದುಹಾಕುತ್ತದೆ. ಇದು ತಂತ್ರಾಂಶದ ದೋಷವಲ್ಲ. ಅಳಿಸುವಿಕೆಯನ್ನು ಹರಡದೆ ಹೋದರೆ, ಬೇಡವೆಂದು ತೆಗೆದ ಕಡತವು ಮುಂದಿನ ಸಿಂಕ್‌ನಲ್ಲಿ ಮತ್ತೆ ಮರಳಿ ಬರುತ್ತಲೇ ಇರುತ್ತದೆ.

ಈ ದಾಖಲೆಯ ಪಾತ್ರವನ್ನು ಯೂನಿಸನ್ ಎಂಬ ಮುಕ್ತ ತಂತ್ರಾಂಶದಲ್ಲಿ ಸ್ಪಷ್ಟವಾಗಿ ನೋಡಬಹುದು. ಇದರ ಹಿಂದಿರುವ ಬೆಂಜಮಿನ್ ಪಿಯರ್ಸ್ ಅವರು ಎಸ್. ಬಾಲಸುಬ್ರಮಣ್ಯಂ ಅವರೊಂದಿಗೆ 1998ರಲ್ಲಿ ಪ್ರಕಟಿಸಿದ ಪ್ರಬಂಧವು, ಎಲ್ಲೆಲ್ಲಿ ಏನು ಬದಲಾಗಿದೆ ಎಂದು ಪತ್ತೆಹಚ್ಚುವ ಹಂತವನ್ನೂ ಬದಲಾವಣೆಗಳನ್ನು ಹೊಂದಿಸುವ ಹಂತವನ್ನೂ ಬೇರೆಬೇರೆಯಾಗಿ ವಿವರಿಸಿತು. ಯೂನಿಸನ್ ತನ್ನ ದಾಖಲೆಯನ್ನು ಬಳಕೆದಾರರ ಗಣಕದಲ್ಲೇ ಇಟ್ಟುಕೊಳ್ಳುತ್ತದೆ. ಆ ದಾಖಲೆಯನ್ನು ತೆಗೆದುಹಾಕಿದರೆ ಅದು ಹಿಂದಿನದನ್ನೆಲ್ಲ ಮರೆತು, ಒಂದು ಕಡೆ ಮಾತ್ರ ಇರುವ ಕಡತಗಳನ್ನು ಹೊಸವೆಂದು ತಿಳಿದು ಇನ್ನೊಂದು ಕಡೆಗೂ ನಕಲಿಸುತ್ತದೆ; ಅಳಿಸಿದ್ದ ಕಡತಗಳು ಹೀಗೆ ಮರಳಿ ಬರುತ್ತವೆ.

ಫೋಲ್ಡರಿನಿಂದ ಕಡತವನ್ನು ಹೊರಗೆ ಸರಿಸುವುದೂ ಸಿಂಕ್ ತಂತ್ರಾಂಶದ ಕಣ್ಣಿಗೆ ಅಳಿಸುವಿಕೆಯೇ. ಡ್ರಾಪ್‌ಬಾಕ್ಸ್‌ನ ಹಂಚಿಕೊಂಡ ಫೋಲ್ಡರಿನಲ್ಲಿ ತಿದ್ದುವ ಅಧಿಕಾರವಿರುವ ಒಬ್ಬ ಸದಸ್ಯರು ಕಡತವೊಂದನ್ನು ಅಳಿಸಿದರೆ ಅದು ಎಲ್ಲ ಸದಸ್ಯರಿಗೂ ಇಲ್ಲವಾಗುತ್ತದೆ. ಕಡತದ ಮೇಲೆ ತಪ್ಪಾಗಿ ಬೇರೇನನ್ನೋ ಉಳಿಸಿದರೂ, ಸುಲಿಗೆ ತಂತ್ರಾಂಶವು ಕಡತಗಳನ್ನು ಗೂಢಲಿಪಿಗೆ ತಿರುಗಿಸಿದರೂ ಆ ಕೆಟ್ಟ ರೂಪವೇ ಎಲ್ಲೆಡೆಗೆ ಹೋಗುತ್ತದೆ. ಬದಲಾವಣೆಯ ಹಿಂದಿನ ಉದ್ದೇಶವನ್ನು ತಿಳಿಯುವ ಸಾಧನ ಸಿಂಕ್‌ಗೆ ಇಲ್ಲ.

## ಒಂದು ಉದಾಹರಣೆ

ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಿಸಿದ 6 ಜಿಬಿಯಷ್ಟು ಸಂದರ್ಶನಗಳನ್ನು ಸಿಂಕ್ ಫೋಲ್ಡರಿನಲ್ಲಿ ಇಟ್ಟುಕೊಂಡಿರುವ ಸಂಶೋಧನಾ ವಿದ್ಯಾರ್ಥಿನಿಯೊಬ್ಬರನ್ನು ಊಹಿಸಿಕೊಳ್ಳಬಹುದು. ಅವರ ಬಳಿ ಒಂದು ಲ್ಯಾಪ್‌ಟಾಪ್ ಇದೆ, ಊರಿನ ಮನೆಯಲ್ಲಿ ಒಂದು ಮೇಜುಗಣಕ ಇದೆ, ಎರಡೂ ಒಂದೇ ಖಾತೆಗೆ ಸೇರಿವೆ. ಲ್ಯಾಪ್‌ಟಾಪಿನ ಡಿಸ್ಕ್ ತುಂಬಿತೆಂದು, ಕ್ಲೌಡಿನಲ್ಲಿ ಪ್ರತಿ ಇದ್ದೇ ಇದೆ ಎಂಬ ನಂಬಿಕೆಯಿಂದ, ಮಾರ್ಚ್ 1ರಂದು ಅವರು ಆ ಫೋಲ್ಡರನ್ನು ಅಳಿಸಿ ಲ್ಯಾಪ್‌ಟಾಪಿನ ಕಸದ ಬುಟ್ಟಿಯನ್ನೂ ಖಾಲಿ ಮಾಡುತ್ತಾರೆ.

ಅಳಿಸುವಿಕೆ ಸರ್ವರನ್ನು ತಲುಪಲು ಕೆಲವೇ ಕ್ಷಣಗಳು ಸಾಕು. 6 ಜಿಬಿ ಏರಿಸಲು ಗಂಟೆಗಟ್ಟಲೆ ಹಿಡಿದಿದ್ದರೂ ಅಳಿಸಲು ರವಾನೆಯಾಗಬೇಕಾದದ್ದು ಒಂದು ಸಣ್ಣ ಸೂಚನೆ ಮಾತ್ರ. ಕಡತಗಳು ಸೇವೆಯ ಜಾಲತಾಣದಲ್ಲಿರುವ ಕಸದ ಬುಟ್ಟಿಗೆ ಹೋಗುತ್ತವೆ. ಮನೆಯ ಮೇಜುಗಣಕ ಅಂದು ಆಫ್ ಆಗಿರುವುದರಿಂದ ಅದರಲ್ಲಿ ಕಡತಗಳು ಹಾಗೆಯೇ ಇವೆ. ಮಾರ್ಚ್ 8ರಂದು ಮನೆಯವರು ಅದನ್ನು ಆನ್ ಮಾಡಿದಾಗ ಅದು ಅಂತರಜಾಲಕ್ಕೆ ಸೇರಿ, ಬಾಕಿಯಿದ್ದ ಸೂಚನೆಯನ್ನು ಪಡೆದು ಸಂದರ್ಶನಗಳನ್ನು ಅಳಿಸುತ್ತದೆ. ಏಪ್ರಿಲ್ 10ರಂದು ಅಧ್ಯಾಯ ಬರೆಯಲು ಕುಳಿತ ವಿದ್ಯಾರ್ಥಿನಿ ಜಾಲತಾಣದಲ್ಲಿ ಫೋಲ್ಡರನ್ನು ಹುಡುಕುತ್ತಾರೆ. ಅಳಿಸಿ 40 ದಿನಗಳಾಗಿವೆ. ಸೇವೆಯು ಅಳಿಸಿದ ಕಡತಗಳನ್ನು 30 ದಿನ ಮಾತ್ರ ಉಳಿಸುವಂಥದ್ದಾದರೆ, ಬುಟ್ಟಿ ಆಗಲೇ ಬರಿದಾಗಿದೆ.

ಮಾರ್ಚ್ 8ರವರೆಗೆ ಮೇಜುಗಣಕದಲ್ಲಿದ್ದ ಪ್ರತಿ ಉಳಿದದ್ದು ಸಿಂಕ್‌ನಿಂದಲ್ಲ, ಸಿಂಕ್ ನಡೆಯದೆ ಇದ್ದುದರಿಂದ. ಇಂತಹ ಆಫ್ ಆಗಿರುವ ಸಾಧನ ಇದ್ದಲ್ಲಿ, ಅದನ್ನು ಆನ್ ಮಾಡುವ ಮೊದಲೇ ಕೇಬಲ್ ಕಿತ್ತು ಅಥವಾ ಮನೆಯ ವೈಫೈ ನಿಲ್ಲಿಸಿ, ಕಡತಗಳನ್ನು ಸಿಂಕ್ ಫೋಲ್ಡರಿನ ಹೊರಗೆ ನಕಲಿಸಿಕೊಳ್ಳಬಹುದು. ಆದರೆ ಆ ಸಾಧನದಲ್ಲಿ ಕಡತಗಳು ಪೂರ್ಣವಾಗಿ ಇಳಿದಿದ್ದರೆ ಮಾತ್ರ ಇದು ಫಲಿಸುತ್ತದೆ. ಇತ್ತೀಚಿನ ಸಿಂಕ್ ತಂತ್ರಾಂಶಗಳು ಅನೇಕ ಕಡತಗಳ ಹೆಸರನ್ನಷ್ಟೇ ತೋರಿಸಿ, ತೆರೆದಾಗ ಮಾತ್ರ ಒಳಗಿನ ಮಾಹಿತಿಯನ್ನು ತರಿಸಿಕೊಳ್ಳುತ್ತವೆ.

ಜಾಗ ತೆರವು ಮಾಡುವುದಷ್ಟೇ ಆಕೆಯ ಉದ್ದೇಶವಾಗಿತ್ತು, ಅದಕ್ಕೆ ಬೇರೆಯೇ ಆಜ್ಞೆ ಇದೆ. ಒನ್‌ಡ್ರೈವ್‌ನಲ್ಲಿ ಕಡತದ ಮೇಲೆ ಬಲಕ್ಲಿಕ್ ಮಾಡಿದಾಗ ಕಾಣುವ Free up space ಎಂಬುದು ಆ ಗಣಕದಲ್ಲಿರುವ ಮಾಹಿತಿಯನ್ನು ಮಾತ್ರ ತೆಗೆಯುತ್ತದೆ; Delete ಎಂಬುದು ಎಲ್ಲೆಡೆಯೂ ತೆಗೆಯುತ್ತದೆ. 

## ಕಸದ ಬುಟ್ಟಿಯ ಅವಧಿ

ಮೇಲಿನ ಅಪಾಯವನ್ನು ಅರಿತೇ ಸೇವೆಗಳು ಅಳಿಸಿದ ಕಡತಗಳನ್ನು ಕೆಲಕಾಲ ಉಳಿಸುತ್ತವೆ. ಗೂಗಲ್ ಡ್ರೈವ್‌ನ ಬುಟ್ಟಿಯಲ್ಲಿರುವ ಕಡತಗಳು 2020ರ ಅಕ್ಟೋಬರ್‌ನಿಂದ 30 ದಿನಗಳ ಬಳಿಕ ತಾವಾಗಿಯೇ ಶಾಶ್ವತವಾಗಿ ಅಳಿಯುತ್ತವೆ. ಅದಕ್ಕೂ ಮೊದಲು ಬಳಕೆದಾರರೇ ಖಾಲಿ ಮಾಡುವವರೆಗೆ ಅವು ಅಲ್ಲಿಯೇ ಇರುತ್ತಿದ್ದವು. ಒನ್‌ಡ್ರೈವ್‌ನ ವೈಯಕ್ತಿಕ ಖಾತೆಯಲ್ಲಿ ಅವಧಿ 30 ದಿನ, ಕಚೇರಿ ಮತ್ತು ಶಾಲಾ ಖಾತೆಗಳಲ್ಲಿ ಸಾಮಾನ್ಯವಾಗಿ 93 ದಿನ. ಡ್ರಾಪ್‌ಬಾಕ್ಸ್‌ನ ಉಚಿತ ಖಾತೆಯಲ್ಲೂ 30 ದಿನವೇ. ಇದು ಅಂದೇ ಗಮನಿಸಿದ ತಪ್ಪಿಗೆ ಸಾಕಾಗುತ್ತದೆ. ವರ್ಷಕ್ಕೊಮ್ಮೆ ತೆರೆಯುವ ತೆರಿಗೆ ಪತ್ರಗಳಿಗೆ, ಹಳೆಯ ಫೋಟೋಗಳಿಗೆ ಸಾಲದು.

ಹೆಸರುಗಳು ಗೊಂದಲವನ್ನು ಹೆಚ್ಚಿಸುತ್ತವೆ. ಗೂಗಲ್ ಫೋಟೋಸ್ ತನ್ನ ಸೌಲಭ್ಯವನ್ನು Backup ಎಂದೇ ಕರೆಯುತ್ತದೆ. ಆದರೂ ಹೀಗೆ ಏರಿಸಿದ ಚಿತ್ರವನ್ನು ಅದೇ ಆ್ಯಪ್‌ನಲ್ಲಿ ಅಳಿಸಿದರೆ ಅದು ಫೋನಿನಿಂದಲೂ ಖಾತೆಯಿಂದಲೂ ಹೋಗಿ 60 ದಿನ ಬುಟ್ಟಿಯಲ್ಲಿರುತ್ತದೆ. ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳನ್ನು ಒನ್‌ಡ್ರೈವ್‌ಗೆ ಸೇರಿಸುವ ಆಯ್ಕೆಗೂ ಬ್ಯಾಕಪ್ ಎಂಬ ಹೆಸರೇ ಇದೆ. ವಾಸ್ತವದಲ್ಲಿ ಅದು ಆ ಫೋಲ್ಡರುಗಳನ್ನು ಸಿಂಕ್‌ನ ವ್ಯಾಪ್ತಿಗೆ ತರುತ್ತದೆ.

## ಬ್ಯಾಕಪ್‌ನ ಲಕ್ಷಣ

ಬ್ಯಾಕಪ್‌ನಲ್ಲಿ ಮಾಹಿತಿ ಒಂದೇ ದಿಕ್ಕಿನಲ್ಲಿ, ಮೂಲದಿಂದ ಪ್ರತಿಯ ಕಡೆಗೆ, ಹರಿಯುತ್ತದೆ. ಆದರೆ ಅಷ್ಟರಿಂದಲೇ ಬ್ಯಾಕಪ್ ಆಗುವುದಿಲ್ಲ. ಉದಾಹರಣೆಗೆ, ಲಿನಕ್ಸ್ ಬಳಕೆದಾರರಿಗೆ ಪರಿಚಿತವಾದ ಕೆಳಗಿನ ಆಜ್ಞೆಯು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ:

```
rsync -a --delete ~/Documents/ /media/disk/Documents/
```

ಇಲ್ಲಿ `--delete` ಇರುವುದರಿಂದ, ಮೂಲದಲ್ಲಿ ಇಲ್ಲದ ಕಡತವನ್ನು ಹೊರ ಡಿಸ್ಕಿನಲ್ಲೂ ಅಳಿಸಲಾಗುತ್ತದೆ. ಇದನ್ನು ಪ್ರತಿರಾತ್ರಿ ತಾನಾಗಿ ನಡೆಯುವಂತೆ ಇಟ್ಟರೆ, ಇಂದಿನ ತಪ್ಪು ರಾತ್ರಿಯ ಹೊತ್ತಿಗೆ ಪ್ರತಿಗೂ ತಲುಪುತ್ತದೆ. ಆ ಆಯ್ಕೆಯನ್ನು ಬಿಟ್ಟರೆ ಅಳಿಸಿದವು ಪ್ರತಿಯಲ್ಲಿ ಉಳಿಯುತ್ತವೆ, ಆದರೆ ಬದಲಾದ ಕಡತದ ಹಳೆಯ ರೂಪ ಅಳಿದುಹೋಗುತ್ತದೆ. ಎರಡೂ ಉಳಿಯಬೇಕಾದರೆ ಪ್ರತಿದಿನದ ಸ್ಥಿತಿಗೂ ಬೇರೆ ಫೋಲ್ಡರ್ ಬೇಕು:

```
rsync -a --link-dest=../2025-03-01 ~/Documents/ /media/disk/2025-03-02/
```

ಇದು ಮಾರ್ಚ್ 2ರ ಪೂರ್ಣ ಪ್ರತಿಯನ್ನು ಸಿದ್ಧಪಡಿಸುತ್ತದೆ. ಹಿಂದಿನ ದಿನದಿಂದ ಬದಲಾಗದ ಕಡತಗಳಿಗೆ ಡಿಸ್ಕಿನಲ್ಲಿ ಮತ್ತೆ ಜಾಗ ಹಿಡಿಯುವುದಿಲ್ಲ. ಮಾರ್ಚ್ 2ರಂದು ಕಡತವೊಂದನ್ನು ಅಳಿಸಿದ್ದರೂ ಮಾರ್ಚ್ 1ರ ಫೋಲ್ಡರಿನಲ್ಲಿ ಅದು ಇರುತ್ತದೆ. ಆಪಲ್‌ನ ಟೈಮ್ ಮಷೀನ್ ಇದೇ ಬಗೆಯ ಕೆಲಸವನ್ನು ತಾನಾಗಿ ಮಾಡುತ್ತದೆ: ಕಳೆದ 24 ಗಂಟೆಗಳಿಗೆ ಗಂಟೆಗೊಂದು, ಕಳೆದ ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಿನದಕ್ಕೆ ವಾರಕ್ಕೊಂದು ಪ್ರತಿಯನ್ನು ಉಳಿಸುತ್ತದೆ. ಡಿಸ್ಕ್ ತುಂಬಿದಾಗ ಅತಿ ಹಳೆಯವು ಹೋಗುತ್ತವೆ.

ಬಳಕೆಯಲ್ಲಿರುವ ಸಾಧನವು ಸಿಂಕೋ ಬ್ಯಾಕಪ್ಪೋ ಎಂದು ಅದರ ಹೆಸರಿನಿಂದ ತೀರ್ಮಾನಿಸುವುದಕ್ಕಿಂತ ಪರೀಕ್ಷಿಸುವುದು ಲೇಸು. ಮಹತ್ವವಿಲ್ಲದ ಒಂದು ಕಡತವನ್ನು ಫೋಲ್ಡರಿನಲ್ಲಿ ಸೃಷ್ಟಿಸಿ, ಅದು ಪ್ರತಿಯಲ್ಲಿ ಕಾಣಿಸಿಕೊಂಡ ಮೇಲೆ ಮೂಲದಲ್ಲಿ ಅಳಿಸಿ, ಮುಂದಿನ ಸುತ್ತು ಮುಗಿಯುವವರೆಗೆ ಕಾಯಬೇಕು. ಆಗ ಅದು ಕಸದ ಬುಟ್ಟಿಯಲ್ಲಿ ಮಾತ್ರ ಸಿಕ್ಕರೆ ಅದು ಸಿಂಕ್. ಹಿಂದಿನ ದಿನಾಂಕದ ಪ್ರತಿಯಲ್ಲಿ ಸಿಕ್ಕಿ, ತೆರೆದು ಓದಲೂ ಬಂದರೆ ಅದು ಬ್ಯಾಕಪ್. ಎರಡನ್ನೂ ಒಟ್ಟಿಗೆ ಬಳಸುವುದಕ್ಕೆ ಅಡ್ಡಿಯಿಲ್ಲ. ಸಿಂಕ್ ಫೋಲ್ಡರನ್ನೇ ವಾರಕ್ಕೊಮ್ಮೆ ಹೊರ ಡಿಸ್ಕಿಗೆ ದಿನಾಂಕವಾರು ನಕಲಿಸಿ, ಕೆಲಸ ಮುಗಿದೊಡನೆ ಡಿಸ್ಕನ್ನು ಕಳಚಿಡುವುದು ಸುಲಭ ಕ್ರಮ. ಇದರಲ್ಲಿ ಒಂದನ್ನು ಗಮನಿಸಬೇಕು: ಹೆಸರಷ್ಟೇ ಇದ್ದು ಗಣಕಕ್ಕೆ ಇಳಿಯದ ಕಡತಗಳನ್ನು ಕೆಲವು ಬ್ಯಾಕಪ್ ತಂತ್ರಾಂಶಗಳು ಬಿಟ್ಟುಬಿಡುತ್ತವೆ. ಆದ್ದರಿಂದ ಬೇಕಾದ ಫೋಲ್ಡರನ್ನು ಮೊದಲು ಒನ್‌ಡ್ರೈವ್‌ನಲ್ಲಿ Always keep on this device ಎಂಬ ಸ್ಥಿತಿಗೆ ತಂದು, ಇಳಿದು ಮುಗಿದ ಮೇಲೆ ನಕಲಿಸಬೇಕಾಗುತ್ತದೆ.