ಇಪ್ಪತ್ತೊಂದು ದಿನ, ಹತ್ತು ಸಾವಿರ ರಂಧ್ರ

ಬೇಯಿಸಿದ ಕೋಳಿಮೊಟ್ಟೆಯ ಸಿಪ್ಪೆ ಸುಲಿದು ನೋಡಿ. ಚೂಪು ತುದಿ ನುಣ್ಣಗೆ ದುಂಡಗಿರುತ್ತದೆ, ದಪ್ಪ ತುದಿಯಲ್ಲಿ ಮಾತ್ರ ಒಂದು ಚಪ್ಪಟೆ ತಗ್ಗು ಇರುತ್ತದೆ. ಚಿಪ್ಪಿಗೂ ಒಳಗಿನ ಬಿಳಿಭಾಗಕ್ಕೂ ನಡುವೆ ಅಲ್ಲಿ ಗಾಳಿ ತುಂಬಿಕೊಂಡಿತ್ತು ಎಂಬುದರ ಗುರುತು ಅದು.

ಕೋಳಿಯ ಹೊಟ್ಟೆಯಿಂದ ಆಗಷ್ಟೇ ಹೊರಬಂದ ಮೊಟ್ಟೆಯಲ್ಲಿ ಈ ಗಾಳಿಯ ಜಾಗ ಇರುವುದಿಲ್ಲ. ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಇಟ್ಟ ಮೊಟ್ಟೆ ಹೊರಗೆ ತಣ್ಣಗಾಗುತ್ತಾ ಹೋದಂತೆ ಒಳಗಿನ ದ್ರವ ಕುಗ್ಗುತ್ತದೆ, ಗಟ್ಟಿಚಿಪ್ಪು ಕುಗ್ಗುವುದಿಲ್ಲ. ಚಿಪ್ಪಿನ ಒಳಮೈಗೆ ಒಂದಕ್ಕೊಂದು ಅಂಟಿಕೊಂಡಿದ್ದ ಎರಡು ತೆಳುಪೊರೆಗಳು ಆಗ ದಪ್ಪ ತುದಿಯಲ್ಲಿ ಬೇರೆಬೇರೆಯಾಗಿ, ನಡುವೆ ಗಾಳಿ ಸೇರಿಕೊಳ್ಳುತ್ತದೆ. ಎಲ್ಲಿಯೂ ಒಡಕಿಲ್ಲದ ಮೊಟ್ಟೆಯೊಳಗೆ ಆ ಗಾಳಿ ಬಂದದ್ದು ಚಿಪ್ಪಿನ ಮೂಲಕವೇ.

ಮರಿಗೆ ಬೇಕಾದ ಆಹಾರ, ನೀರು, ಖನಿಜ ಎಲ್ಲವನ್ನೂ ತಾಯಿಕೋಳಿ ಮೊಟ್ಟೆಯೊಳಗೆ ತುಂಬಿಯೇ ಕೊಡುತ್ತದೆ. ಕಟ್ಟಿಕೊಡಲಾಗದ್ದು ಒಂದೇ, ಆಮ್ಲಜನಕ. ಅದನ್ನು ಇಪ್ಪತ್ತೊಂದು ದಿನವೂ ಹೊರಗಿನಿಂದಲೇ ತರಿಸಿಕೊಳ್ಳಬೇಕು. ಗಾಳಿ ಒಳಬರಲು ದಾರಿ ಇಟ್ಟರೆ ಅದೇ ದಾರಿಯಲ್ಲಿ ನೀರು ಆರಿಹೋಗುತ್ತದೆ, ರೋಗಾಣು ಒಳನುಗ್ಗುತ್ತದೆ. ಮೊಟ್ಟೆ ಈ ತೊಡಕನ್ನು ಬಿಡಿಸಿಕೊಂಡಿರುವ ಬಗೆ ಬೆರಗು ಹುಟ್ಟಿಸುವಂಥದ್ದು.

ಮೊದಲು ಕಾವಲಿನ ಏರ್ಪಾಡನ್ನು ನೋಡೋಣ. ಹಸಿಮೊಟ್ಟೆಯನ್ನು ಬಟ್ಟಲಿಗೆ ಒಡೆದು ಹಾಕಿದರೆ ಹಳದಿಯ ಎರಡೂ ಬದಿಗೆ ಹೊಸೆದ ಬಿಳಿ ದಾರದಂಥದ್ದು ಕಾಣುತ್ತದೆ. ಮರಿ ಬೆಳೆಯುವುದು ಅದರಿಂದಲೇ ಎಂದುಕೊಂಡು ತೆಗೆದು ಎಸೆಯುವವರಿದ್ದಾರೆ. ಆದರೆ ಅದು ಬಿಳಿಭಾಗದ್ದೇ ಗಟ್ಟಿಯಾದ ಹುರಿ. ಹಳದಿಯನ್ನು ಮೊಟ್ಟೆಯ ನಡುವೆ ತೂಗಿಹಿಡಿದು, ಅದು ಚಿಪ್ಪಿಗೆ ತಾಗದಂತೆ ನೋಡಿಕೊಳ್ಳುವುದು ಅದರ ಕೆಲಸ. ನಿಜವಾದ ಭ್ರೂಣ ಇರುವುದು ಹಳದಿಯ ಮೇಲೆ, ಕೆಲವೇ ಮಿಲಿಮೀಟರ್ ಅಗಲದ ಬೆಳ್ಳನೆಯ ಚುಕ್ಕಿಯಾಗಿ. ಆ ಭಾಗ ಹಗುರ. ಮೊಟ್ಟೆಯನ್ನು ಹೇಗೆ ಉರುಳಿಸಿದರೂ ಹಳದಿ ಒಳಗೊಳಗೇ ತಿರುಗಿ ಚುಕ್ಕಿಯನ್ನು ಮೇಲಕ್ಕೆ, ಅಂದರೆ ಕಾವು ಕೂತ ತಾಯಿಯ ಹೊಟ್ಟೆಯ ಬಿಸಿಗೆ, ತಂದು ನಿಲ್ಲಿಸುತ್ತದೆ.

ಹಾಗಿದ್ದರೂ ಕಾವಿನ ಕೋಳಿ ದಿನಕ್ಕೆ ಹಲವು ಸಲ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತದೆ. ಹೊರಳಿಸದೆ ಬಿಟ್ಟರೆ ಮೇಲೆ ತೇಲುವ ಎಳೆಯ ಭ್ರೂಣ ಚಿಪ್ಪಿನ ಪೊರೆಗೆ ಅಂಟಿಕೊಂಡು ಅಲ್ಲೇ ಸಾಯಬಹುದು. ಕಾವುಯಂತ್ರಗಳಲ್ಲಿ ಮೊಟ್ಟೆಯ ತಟ್ಟೆಗಳು ಅತ್ತಿತ್ತ ವಾಲುವಂತೆ ಮಾಡಿರುವುದು ಇದೇ ಕಾರಣಕ್ಕೆ.

ರೋಗಾಣುಗಳಿಗೆ ಹಲವು ತಡೆಗಳಿವೆ. ಚಿಪ್ಪಿನ ಹೊರಮೈಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೇಪವಿದ್ದು, ಅದು ರಂಧ್ರಗಳ ಬಾಯಿಗೆ ಮುಚ್ಚಳದಂತೆ ಕೂತಿರುತ್ತದೆ. ಅದರಾಚೆ ಎರಡು ಪೊರೆಗಳು. ಅವನ್ನೂ ದಾಟಿ ಬಂದ ಬ್ಯಾಕ್ಟೀರಿಯಾಕ್ಕೆ ಎದುರಾಗುವುದು ಬಿಳಿಭಾಗ. ಅದರಲ್ಲಿರುವ ಲೈಸೊಜೈಮ್ ಬ್ಯಾಕ್ಟೀರಿಯಾದ ಗೋಡೆಯನ್ನೇ ಕರಗಿಸುತ್ತದೆ. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅದಕ್ಕೂ ಮೊದಲೇ, 1922ರಲ್ಲಿ, ಲೈಸೊಜೈಮ್ ಬಗ್ಗೆ ಬರೆದಿದ್ದರು. ಬಿಳಿಭಾಗದ ಇನ್ನೊಂದು ಪ್ರೋಟೀನ್ ಕಬ್ಬಿಣದ ಅಂಶವನ್ನು ತನ್ನಲ್ಲೇ ಬಿಗಿಹಿಡಿದು, ಒಳಬಂದ ಬ್ಯಾಕ್ಟೀರಿಯಾ ಬೆಳೆಯದಂತೆ ಮಾಡುತ್ತದೆ. ಕಾವಿಗೆ ಇಡುವ ಮೊಟ್ಟೆಯನ್ನು ತಣ್ಣೀರಿನಲ್ಲಿ ತೊಳೆಯಬಾರದು ಎನ್ನುವುದು ಈ ಕಾವಲನ್ನು ಕೆಡಿಸಬಾರದೆಂದೇ. ತೊಳೆದರೆ ಹೊರಲೇಪ ಹೋಗುತ್ತದೆ. ತಂಪಿಗೆ ಒಳಗಿನದು ಕುಗ್ಗಿ, ಕೊಳೆನೀರನ್ನು ರಂಧ್ರಗಳ ಮೂಲಕ ಎಳೆದುಕೊಳ್ಳುತ್ತದೆ.

ಇನ್ನು ಊಟದ ಮಾತು. ಕಾವು ತಾಗಿದ ಎರಡನೆಯ ದಿನ ಮುಗಿಯುವಷ್ಟರಲ್ಲಿ ಭ್ರೂಣದ ಗುಂಡಿಗೆ ಮಿಡಿಯತೊಡಗಿರುತ್ತದೆ. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಗ್ರೀಸಿನ ಅರಿಸ್ಟಾಟಲ್, ಕಾವು ಕೊಟ್ಟ ಮೊಟ್ಟೆಯಲ್ಲಿ ಮೂರು ದಿನ ಕಳೆದ ಮೇಲೆ ಕಾಣುವ ಮಿಡಿಯುವ ರಕ್ತದ ಚುಕ್ಕಿಯನ್ನು ಗುರುತಿಸಿ ಬರೆದಿಟ್ಟಿದ್ದಾನೆ. ನಾಲ್ಕನೆಯ ದಿನದ ಹೊತ್ತಿಗೆ ಕತ್ತಲಕೋಣೆಯಲ್ಲಿ ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದರೆ ಹಳದಿಯ ಮೇಲೆ ಜೇಡರಬಲೆಯಂತೆ ಹರಡಿದ ಕೆಂಪು ನಾಳಗಳು ಕಾಣುತ್ತವೆ. ಹಳದಿಯಲ್ಲಿ ಸುಮಾರು ಅರ್ಧ ನೀರು, ಮೂರನೇ ಒಂದು ಭಾಗ ಕೊಬ್ಬು, ಉಳಿದದ್ದು ಬಹುಪಾಲು ಪ್ರೋಟೀನು. ಅದನ್ನು ಸುತ್ತುವರಿದ ಪೊರೆ ಕೊಬ್ಬನ್ನು ಒಡೆದು ರಕ್ತಕ್ಕೆ ಸೇರಿಸುತ್ತದೆ, ರಕ್ತ ಅದನ್ನು ಮರಿಯ ಮೈಗೆ ಒಯ್ಯುತ್ತದೆ. ಮೂರನೆಯ ವಾರಕ್ಕೆ ಹತ್ತಿರವಾದಂತೆ ಬಿಳಿಭಾಗ ಮರಿಯನ್ನು ಸುತ್ತಿದ ದ್ರವದೊಳಕ್ಕೆ ಹರಿಯುತ್ತದೆ, ಮರಿ ಅದನ್ನು ಬಾಯಿಂದಲೇ ನುಂಗುತ್ತದೆ.

ಚಿಪ್ಪು ಕೂಡ ಊಟದ ಪಾಲೇ. ಹಳದಿಯಲ್ಲಿರುವ ಸುಣ್ಣದ ಅಂಶ ಮೂಳೆಗಳಿಗೆ ಸಾಲುವುದಿಲ್ಲವಾದ್ದರಿಂದ, ಮರಿ ತನಗೆ ಬೇಕಾದ ಕ್ಯಾಲ್ಸಿಯಂನ ಬಹುಪಾಲನ್ನು ಚಿಪ್ಪಿನ ಒಳಮೈಯಿಂದ ಕರಗಿಸಿ ತೆಗೆದುಕೊಳ್ಳುತ್ತದೆ. ಮೂಳೆ ಗಟ್ಟಿಯಾದಂತೆ ಚಿಪ್ಪು ಸಡಿಲವಾಗುತ್ತದೆ. ಒಡೆದು ಹೊರಬರಬೇಕಾದ ದಿನಕ್ಕೆ ಇದು ಎರಡು ಬಗೆಯಲ್ಲೂ ಅನುಕೂಲ.

ಉಸಿರಿನ ಕತೆ ಶುರುವಾಗುವುದು ಮಾತ್ರ ಒಂದು ಕಸದ ಚೀಲದಿಂದ. ಭ್ರೂಣದ ಹೊಟ್ಟೆಯ ಕೆಳಗಿನಿಂದ ಅಲಾಂಟಾಯಿಸ್ ಎಂಬ ಚೀಲವೊಂದು ಹೊರಚಾಚುತ್ತದೆ. ಮರಿಯ ಮೂತ್ರದ ಅಂಶವೆಲ್ಲ ಅದರಲ್ಲಿ ಸಂಗ್ರಹವಾಗುತ್ತದೆ. ಚೀಲ ದಿನದಿನಕ್ಕೆ ಹಿಗ್ಗಿ, ಹೊರಗಿನ ಇನ್ನೊಂದು ಪೊರೆಯೊಂದಿಗೆ ಬೆಸೆದುಕೊಂಡು, ಹನ್ನೆರಡನೆಯ ದಿನದ ಹೊತ್ತಿಗೆ ಚಿಪ್ಪಿನ ಇಡೀ ಒಳಮೈಯನ್ನು ಆವರಿಸುತ್ತದೆ. ಅದರ ತುಂಬ ಸೂಕ್ಷ್ಮ ರಕ್ತನಾಳಗಳು. ಮರಿಗೆ ಶ್ವಾಸಕೋಶ ಇದ್ದರೂ ಅದು ಇನ್ನೂ ಕೆಲಸ ಆರಂಭಿಸಿರುವುದಿಲ್ಲ. ಈ ಪೊರೆಯೇ ಮರಿಯ ಶ್ವಾಸಕೋಶ, ಚಿಪ್ಪಿನ ರಂಧ್ರಗಳೇ ಅದರ ಮೂಗು.

ಆ ರಂಧ್ರಗಳು ಸುಮ್ಮನೆ ನೋಡಿದರೆ ಕಾಣುವುದಿಲ್ಲ. 19ನೇ ಶತಮಾನದಲ್ಲಿ ಜಾನ್ ಡೇವಿ ಎಂಬ ವಿಜ್ಞಾನಿ ಮೊಟ್ಟೆಯನ್ನು ನೀರಿನ ಜಾಡಿಯಲ್ಲಿಟ್ಟು, ಮೇಲಿನ ಗಾಳಿಯನ್ನು ಪಂಪಿನಿಂದ ಹೊರತೆಗೆದಾಗ ಚಿಪ್ಪಿನ ಮೈತುಂಬ ಸಣ್ಣ ಗುಳ್ಳೆಗಳು ಎದ್ದವು. ಒಂದು ಕೋಳಿಮೊಟ್ಟೆಯಲ್ಲಿ ಇಂಥ ರಂಧ್ರಗಳು ಸುಮಾರು ಹತ್ತು ಸಾವಿರ. ಅಷ್ಟನ್ನೂ ಒಟ್ಟು ಮಾಡಿದರೂ ತೆರೆದ ಜಾಗ ಎರಡು ಚದರ ಮಿಲಿಮೀಟರನ್ನು ಸ್ವಲ್ಪ ಮೀರುತ್ತದೆ, ಅಷ್ಟೆ.

ಅಷ್ಟು ಕಿರಿದಾದ ದಾರಿಯಲ್ಲಿ ಗಾಳಿಯನ್ನು ಎಳೆಯುವವರು, ನೂಕುವವರು ಯಾರೂ ಇಲ್ಲ. ಆಮ್ಲಜನಕ ಹೊರಗೆ ಹೆಚ್ಚು, ರಕ್ತದಲ್ಲಿ ಕಡಿಮೆ. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅದು ತಾನಾಗಿ ಹರಡಿ ಬರುತ್ತದೆ. ಇಂಗಾಲದ ಡೈಆಕ್ಸೈಡ್ ಅದೇ ನಿಯಮದಂತೆ ಹೊರಹೋಗುತ್ತದೆ. ಅಮೆರಿಕದ ಬಫಲೋದಲ್ಲಿ ಹರ್ಮನ್ ರಾನ್ ಮತ್ತು ಅವರ ಜೊತೆಗಾರರು 1970ರ ದಶಕದಲ್ಲಿ ಇದನ್ನು ಅಳೆದು ಲೆಕ್ಕ ಕೊಟ್ಟರು. 60 ಗ್ರಾಂ ತೂಕದ ಮೊಟ್ಟೆ 21 ದಿನಗಳಲ್ಲಿ ಸುಮಾರು 6 ಲೀಟರ್ ಆಮ್ಲಜನಕ ಪಡೆದು, ನಾಲ್ಕೂವರೆ ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಈ ಎರಡರ ತೂಕ ಹೆಚ್ಚುಕಡಿಮೆ ಒಂದೇ, ಒಂದೊಂದೂ ಒಂಬತ್ತು ಗ್ರಾಮಿನ ಆಸುಪಾಸು. ಹಾಗಾಗಿ ಕಾವಿನ ದಿನಗಳಲ್ಲಿ ಮೊಟ್ಟೆಯ ತೂಕ ಇಳಿದರೆ, ಇಳಿದದ್ದು ನೀರು ಎಂದೇ ತಿಳಿಯಬಹುದು.

ನೀರು ಹೋಗುವುದು ನಷ್ಟ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಹಾಗಲ್ಲ. ಮರಿ ಕೊಬ್ಬನ್ನು ಉರಿಸಿಕೊಂಡಾಗಲೆಲ್ಲ ಹೊಸ ನೀರು ಹುಟ್ಟುತ್ತದೆ, ಒಂದು ಗ್ರಾಂ ಕೊಬ್ಬಿಗೆ ಒಂದು ಗ್ರಾಮಿಗಿಂತ ತುಸು ಹೆಚ್ಚೇ. ಅದು ಹೊರಹೋಗದಿದ್ದರೆ ಮರಿಯ ಮೈ ನೀರು ತುಂಬಿ ಊದಿಕೊಳ್ಳುತ್ತದೆ. ಜೊತೆಗೆ, ಆರಿಹೋದ ನೀರಿನ ಜಾಗಕ್ಕೆ ಗಾಳಿ ಬರುತ್ತದೆ. ದಪ್ಪ ತುದಿಯ ಆ ಗಾಳಿಕೋಣೆ ದಿನೇ ದಿನೇ ದೊಡ್ಡದಾಗುತ್ತದೆ. ಮರಿಯ ಮೊದಲ ಉಸಿರಿಗೆ ಅದೇ ಆಧಾರ.

ಯಂತ್ರದಲ್ಲಿ ಮರಿ ಮಾಡಿಸುವವರು ಇದನ್ನೇ ತಕ್ಕಡಿಯಲ್ಲಿಟ್ಟು ನೋಡುತ್ತಾರೆ. ಹದಿನೆಂಟನೆಯ ದಿನಕ್ಕೆ ಮೊಟ್ಟೆ ಶೇ. 12ರಷ್ಟು ತೂಕ ಕಳೆದುಕೊಂಡಿರಬೇಕು ಎಂಬುದು ಅವರ ಲೆಕ್ಕ. 60 ಗ್ರಾಮಿನ ಮೊಟ್ಟೆ 53 ಗ್ರಾಮಿನ ಆಸುಪಾಸಿನಲ್ಲಿದ್ದರೆ ಸರಿ. 56 ಗ್ರಾಂ ತೂಗಿದರೆ ತೇವ ಹೆಚ್ಚಾಗಿದೆ, ಗಾಳಿಕೋಣೆ ಚಿಕ್ಕದಾಗಿದೆ ಎಂದರ್ಥ. ಅಂಥ ಮೊಟ್ಟೆಯಲ್ಲಿ ಪೂರ್ತಿ ಬೆಳೆದ ಮರಿಯೂ ಉಸಿರುಕಟ್ಟಿ ಚಿಪ್ಪಿನೊಳಗೇ ಸಾಯಬಹುದು. 49 ಗ್ರಾಮಿಗೆ ಇಳಿದಿದ್ದರೆ ಮೊಟ್ಟೆ ವಿಪರೀತ ಒಣಗಿದೆ. ಆಗ ಪೊರೆ ಬಿರುಸಾಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ, ಮರಿ ತಿರುಗಲಾರದು. ಜಡಿಮಳೆಯ ಕರಾವಳಿಯಲ್ಲಿ ಮೊದಲನೆಯ ತೊಂದರೆ ಕಾಣಿಸಿಕೊಂಡರೆ, ಕಡುಬೇಸಿಗೆಯ ಕಲಬುರಗಿ ಕಡೆ ಎರಡನೆಯದರ ಭಯ. ಯಂತ್ರದೊಳಗೆ ನೀರಿನ ತಟ್ಟೆಯನ್ನು ಕಡಿಮೆ ಮಾಡುವುದು, ಹೆಚ್ಚಿಸುವುದು ಈ ತೂಕ ನೋಡಿಯೇ.

ಹತ್ತೊಂಬತ್ತನೆಯ ದಿನದ ಹೊತ್ತಿಗೆ ಮರಿಗೆ ಇಕ್ಕಟ್ಟು ಶುರುವಾಗುತ್ತದೆ. ಮೈ ಬೆಳೆದಿದೆ, ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಆಮ್ಲಜನಕ ಬೇಕು. ರಂಧ್ರಗಳು ಮಾತ್ರ ಮೊದಲ ದಿನ ಎಷ್ಟಿದ್ದವೋ ಅಷ್ಟೇ. ಒಳಗೆ ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ಮರಿಯ ಕತ್ತಿನ ಹಿಂಬದಿಯಲ್ಲಿ ಇದಕ್ಕೆಂದೇ ಬಲಿತ ಸ್ನಾಯುವೊಂದಿದ್ದು, ಅದು ತಲೆಯನ್ನು ಮೇಲಕ್ಕೆ ಒದೆಯುವಂತೆ ಮಾಡುತ್ತದೆ. ಕೊಕ್ಕು ಒಳಪೊರೆಯನ್ನು ಹರಿದು ಗಾಳಿಕೋಣೆಗೆ ನುಗ್ಗುತ್ತದೆ. ಶ್ವಾಸಕೋಶಕ್ಕೆ ಮೊದಲ ಬಾರಿ ಗಾಳಿ ಸೇರುವುದು ಆಗ. ಮೊಟ್ಟೆಯನ್ನು ಕಿವಿಗೆ ಹಿಡಿದರೆ ಚಿಂವ್‌ಚಿಂವ್ ದನಿ ಕೇಳಿಸುವುದು ಇದಾದ ಮೇಲೆಯೇ, ಚಿಪ್ಪು ಇನ್ನೂ ಇಡಿಯಾಗಿರುವಾಗಲೇ.

ಆ ಗಾಳಿಯೂ ಹೆಚ್ಚು ಹೊತ್ತು ಸಾಲದು. ಮರಿ ಕೊಕ್ಕಿನ ತುದಿಯಲ್ಲಿರುವ ಗಟ್ಟಿ ಮೊನೆಯಿಂದ ಚಿಪ್ಪನ್ನು ಕುಟ್ಟಿ ಒಂದು ಸಣ್ಣ ಬಿರುಕು ಮಾಡುತ್ತದೆ. ಆಮೇಲೆ ಗಂಟೆಗಟ್ಟಲೆ ಏನೂ ನಡೆಯುತ್ತಿಲ್ಲ ಎನ್ನುವಂತೆ ಸುಮ್ಮನಿರುತ್ತದೆ. ಕೋಳಿ ಸಾಕುವವರು ಗಾಬರಿಯಾಗುವುದು, ತಪ್ಪು ಮಾಡುವುದು ಈ ಹೊತ್ತಿನಲ್ಲಿ. ಒಳಗೆ ನಿಜಕ್ಕೂ ದೊಡ್ಡ ಕೆಲಸ ನಡೆದಿರುತ್ತದೆ. ಚಿಪ್ಪಿನ ಪೊರೆಯಲ್ಲಿ ಹರಿಯುತ್ತಿದ್ದ ರಕ್ತ ಮರಿಯ ಮೈಗೆ ಹಿಂದಿರುಗುತ್ತಿರುತ್ತದೆ, ಉಸಿರಿನ ಹೊಣೆ ಪೂರ್ತಿಯಾಗಿ ಶ್ವಾಸಕೋಶಕ್ಕೆ ವರ್ಗವಾಗುತ್ತಿರುತ್ತದೆ, ಉಳಿದ ಹಳದಿ ಹೊಕ್ಕುಳಿನ ದಾರಿಯಿಂದ ಹೊಟ್ಟೆಯೊಳಕ್ಕೆ ಸೇರುತ್ತಿರುತ್ತದೆ. ಇದೆಲ್ಲ ಮುಗಿದ ಮೇಲೆ ಮರಿ ನಿಧಾನವಾಗಿ ತಿರುಗುತ್ತಾ ದಪ್ಪ ತುದಿಯ ಸುತ್ತ ಚಿಪ್ಪನ್ನು ಒಡೆದು, ಮುಚ್ಚಳವನ್ನು ತಳ್ಳಿ ಹೊರಬರುತ್ತದೆ. 60 ಗ್ರಾಮಿನ ಮೊಟ್ಟೆಯಿಂದ ಬಂದ ಮರಿ ಸುಮಾರು 40 ಗ್ರಾಂ ತೂಗುತ್ತದೆ. ಹೊಟ್ಟೆಯಲ್ಲಿರುವ ಹಳದಿ ಅದಕ್ಕೆ ಎರಡು ದಿನದ ಬುತ್ತಿ. ಒಂದು ದಿನದ ಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ದೂರದೂರಿಗೆ ಕಳಿಸಲು ಆಗುವುದು ಆ ಬುತ್ತಿಯ ಬಲದಿಂದ.

ಆದ್ದರಿಂದ ಮನೆಯಲ್ಲಿ ಕೋಳಿ ಕಾವಿಗೆ ಕೂರಿಸಿದವರಲ್ಲಿ ಒಂದು ವಿನಂತಿ. ಬಿರುಕು ಕಂಡ ಕೂಡಲೇ ಕನಿಕರದಿಂದ ಚಿಪ್ಪು ಸುಲಿಯಲು ಹೋಗಬೇಡಿ. ಪೊರೆಯಲ್ಲಿ ರಕ್ತ ಇನ್ನೂ ಹರಿಯುತ್ತಿದ್ದರೆ ಮರಿ ರಕ್ತ ಸುರಿದು ಸಾಯುತ್ತದೆ, ಹಳದಿ ಒಳಸೇರದಿದ್ದರೆ ಹೊಕ್ಕುಳು ಕೀವಾಗುತ್ತದೆ. ಬಿರುಕು ಬಿಟ್ಟ ಮೇಲೆ ಪೂರ್ತಿ ಒಂದು ದಿನ ಕಾಯಿರಿ.