ಒಂದೇ ತಂತಿಯಲ್ಲಿ ಮಾಹಿತಿಯೂ ವಿದ್ಯುತ್ತೂ

ಕಾಲೇಜಿನ ಮೊಗಸಾಲೆಯಲ್ಲೋ ಆಸ್ಪತ್ರೆಯಲ್ಲೋ ಚಾವಣಿಗೆ ತಟ್ಟೆಯಂತೆ ಅಂಟಿಕೊಂಡಿರುವ ಬಿಳಿಯ ವೈ-ಫೈ ಪೆಟ್ಟಿಗೆಯನ್ನು ನೀವು ಕಂಡಿರಬಹುದು. ಅದರ ಬಳಿ ಪ್ಲಗ್ ಇರುವುದಿಲ್ಲ, ಅಡಾಪ್ಟರೂ ಇರುವುದಿಲ್ಲ. ಒಂದೇ ಒಂದು ಸಪೂರ ಕೇಬಲ್ ಒಳಗೆ ಹೋಗಿರುತ್ತದೆ. ಮೂಲೆಯ ಕ್ಯಾಮೆರಾದ್ದೂ ಇದೇ ಕಥೆ. ಹಾಗಾದರೆ ಇವಕ್ಕೆ ವಿದ್ಯುತ್ ಎಲ್ಲಿಂದ ಬರುತ್ತದೆ?

ಆ ಕೇಬಲಿನ ಇನ್ನೊಂದು ತುದಿ ಕಂಪ್ಯೂಟರ್ ಕೋಣೆಯ 'ಪಿಒಇ ಸ್ವಿಚ್' ಎಂಬ ಪೆಟ್ಟಿಗೆಯಲ್ಲಿದೆ. ಪಿಒಇ ಎಂದರೆ ಪವರ್ ಓವರ್ ಈಥರ್ನೆಟ್. ಕೇಬಲಿನೊಳಗೆ ಎರಡೆರಡಾಗಿ ಹೆಣೆದ ಎಂಟು ತಾಮ್ರದ ತಂತಿಗಳಿವೆ, ಅಂದರೆ ನಾಲ್ಕು ಜೋಡಿ. ಮಾಹಿತಿ ಸಾಗುವುದು ಒಂದು ಜೋಡಿಯ ಎರಡು ತಂತಿಗಳ ನಡುವಿನ ವಿಭವಾಂತರದ ಏರಿಳಿತವಾಗಿ. ವಿದ್ಯುತ್ತನ್ನಾದರೋ ಆ ಎರಡೂ ತಂತಿಗಳಿಗೆ ಸಮನಾಗಿ ಹಂಚಿ ಕಳಿಸಿ, ಮತ್ತೊಂದು ಜೋಡಿಯ ಮೂಲಕ ಹಿಂದಕ್ಕೆ ತರುತ್ತಾರೆ. ತೆಪ್ಪದ ಮೇಲೆ ಅಣ್ಣ ತಮ್ಮ ನಿಂತಿದ್ದಾರೆ ಎನ್ನಿ. ಕೆರೆಯ ನೀರು ಏರಿದರೆ ಇಬ್ಬರೂ ಮೇಲೇರುತ್ತಾರೆ, ಆದರೆ ಅವರ ಎತ್ತರದ ವ್ಯತ್ಯಾಸ ಬದಲಾಗುವುದಿಲ್ಲ. ಹಾಗೆಯೇ ಮಾಹಿತಿಗೆ ಧಕ್ಕೆಯಾಗುವುದಿಲ್ಲ.

ಇಂಥ ಪೋರ್ಟಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಸುಟ್ಟುಹೋಗದೇ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಸ್ವಿಚ್ ಮೊದಲು ಕೆಲವೇ ವೋಲ್ಟ್ ಕೊಟ್ಟು ಆ ತುದಿಯ ರೋಧವನ್ನು ಅಳೆಯುತ್ತದೆ. ಪಿಒಇ ಉಪಕರಣದಲ್ಲಿ ಸುಮಾರು 25,000 ಓಮ್‌ಗಳ ಗುರುತಿನ ರೋಧವಿರುತ್ತದೆ. 5 ವೋಲ್ಟ್ ಕೊಟ್ಟಾಗ 0.2 ಮಿಲಿ ಆಂಪೇರ್ ಹರಿಯಿತೋ, ಇದು ನಮ್ಮವನೇ ಎಂದು ತಿಳಿದು ಪೂರ್ಣ ವಿದ್ಯುತ್ ಬಿಡುತ್ತದೆ. ಲ್ಯಾಪ್‌ಟಾಪಿನಲ್ಲಿ ಆ ಗುರುತಿಲ್ಲ, ಆದ್ದರಿಂದ ವಿದ್ಯುತ್ತೂ ಇಲ್ಲ. ಆದರೆ ಕೇಳದೆಯೇ 24 ವೋಲ್ಟ್ ಸುರಿಯುವ 'ಪ್ಯಾಸಿವ್' ಬಗೆಯ ಪೆಟ್ಟಿಗೆಗಳೂ ಅಂಗಡಿಗಳಲ್ಲಿವೆ. ಅವುಗಳ ಬಗ್ಗೆ ಎಚ್ಚರವಿರಲಿ.

ಮನೆಯ ರೌಟರ್ 12 ವೋಲ್ಟಿನಲ್ಲಿ ನಡೆಯುವಾಗ ಇಲ್ಲೇಕೆ 44ರಿಂದ 57 ವೋಲ್ಟ್? ಹತ್ತನೆಯ ತರಗತಿಯ ಪಾಠವೇ ಇದಕ್ಕೆ ಉತ್ತರ. 2003ರ ಮೊದಲ ಮಾನಕದಂತೆ ಸ್ವಿಚ್ ಕೊಡುವುದು 44 ವೋಲ್ಟ್, 0.35 ಆಂಪೇರ್, ಗುಣಿಸಿದರೆ 15.4 ವ್ಯಾಟ್. ನೂರು ಮೀಟರ್ ಕೇಬಲಿನ ಹೋಗಿಬರುವ ದಾರಿಯ ರೋಧ ಹೆಚ್ಚೆಂದರೆ 20 ಓಮ್ ಎಂದು ಲೆಕ್ಕ. I²R ಸೂತ್ರದಂತೆ 2.45 ವ್ಯಾಟ್ ತಂತಿಯಲ್ಲೇ ಶಾಖವಾಗುತ್ತದೆ, ಉಪಕರಣಕ್ಕೆ 12.95 ವ್ಯಾಟ್ ಸಿಗುತ್ತದೆ. ಇದೇ 15.4 ವ್ಯಾಟನ್ನು 12 ವೋಲ್ಟಿನಲ್ಲಿ ಕಳಿಸಲು 1.28 ಆಂಪೇರ್ ಬೇಕು. ಅಷ್ಟನ್ನು 20 ಓಮ್‌ಗಳ ಮೂಲಕ ತಳ್ಳಲು ತಂತಿಗೇ 25 ವೋಲ್ಟಿಗಿಂತ ಹೆಚ್ಚು ಬೇಕು. ಇರುವುದೇ 12! ದೂರದ ಊರಿಗೆ ವಿದ್ಯುತ್ತನ್ನು ಹೆಚ್ಚಿನ ವೋಲ್ಟೇಜಿನಲ್ಲಿ ಕಳಿಸುವುದೂ ಇದೇ ಕಾರಣಕ್ಕೆ. ಪೋರ್ಟಿನ ಮಿತಿ 2009ರಲ್ಲಿ 30 ವ್ಯಾಟಿಗೂ, 2018ರಲ್ಲಿ ನಾಲ್ಕೂ ಜೋಡಿ ಬಳಸಿ 90 ವ್ಯಾಟಿಗೂ ಏರಿತು.

ಜನ ಎಡವುವುದು ಪೋರ್ಟಿನ ಮಿತಿಯಲ್ಲಲ್ಲ, ಒಟ್ಟು ಲೆಕ್ಕದಲ್ಲಿ. ಒಂದು ಶಾಲೆ ಎಂಟು ಪೋರ್ಟುಗಳ, ಒಟ್ಟು 65 ವ್ಯಾಟ್ ಕೊಡಬಲ್ಲ ಸ್ವಿಚ್ ಕೊಂಡಿತೆನ್ನೋಣ. ಎರಡು ವೈ-ಫೈ ಪೆಟ್ಟಿಗೆಗಳಿಗೆ ತಲಾ 13 ವ್ಯಾಟ್, ನಾಲ್ಕು ಕ್ಯಾಮೆರಾಗಳಿಗೆ ಹಗಲಲ್ಲಿ ತಲಾ 6 ವ್ಯಾಟ್, ಒಟ್ಟು 50. ಎಲ್ಲವೂ ಸರಿ. ಕತ್ತಲಾದೊಡನೆ ಕ್ಯಾಮೆರಾಗಳ ಅವಕೆಂಪು ದೀಪಗಳು ಹೊತ್ತಿಕೊಂಡು, ಪ್ರತಿಯೊಂದೂ 12 ವ್ಯಾಟ್ ಎಳೆಯುತ್ತದೆ. ಒಟ್ಟು 74! ಆಗ ಸ್ವಿಚ್ ಕಡಿಮೆ ಆದ್ಯತೆಯ ಪೋರ್ಟನ್ನು ಆರಿಸುತ್ತದೆ. ಕಳ್ಳ ಬರುವ ಹೊತ್ತಿಗೇ ಒಂದು ಕ್ಯಾಮೆರಾ ಕುರುಡು. ಬೆಳಿಗ್ಗೆ ಮೆಕ್ಯಾನಿಕ್ ಬಂದು ನೋಡಿದರೆ ಎಲ್ಲವೂ ಸುಸೂತ್ರ!

ಪತ್ತೆ ಹಚ್ಚುವುದು ಹೇಗೆ? ಸಂಜೆ ಒಂದು ವೈ-ಫೈ ಪೆಟ್ಟಿಗೆಯ ಕೇಬಲ್ ಕಿತ್ತು ನೋಡಿ. ಒಟ್ಟು 61ಕ್ಕೆ ಇಳಿಯುತ್ತದೆ. ಆರಿದ ಕ್ಯಾಮೆರಾ ಮತ್ತೆ ಎದ್ದರೆ ದೋಷ ಸ್ವಿಚ್ಚಿನ ಸಾಮರ್ಥ್ಯದ್ದು. ಹಾಗಾಗದೆ, ಬಹುದೂರದ ಕ್ಯಾಮೆರಾ ಒಂದೇ ರಾತ್ರಿಯಿಡೀ ಆರಿ ಹತ್ತಿ ಮಾಡುತ್ತಿದ್ದರೆ ಕೇಬಲನ್ನು ಸಂಶಯಿಸಬೇಕು. ಅದೇ ಕ್ಯಾಮೆರಾವನ್ನು ಸ್ವಿಚ್ಚಿನ ಪಕ್ಕಕ್ಕೆ ತಂದು ಗಿಡ್ಡ ಕೇಬಲಿನಿಂದ ಜೋಡಿಸಿ, ದೀಪ ಹೊತ್ತುವಂತೆ ಕತ್ತಲು ಮಾಡಿ. ಸರಿಯಾಗಿ ನಡೆದರೆ ಸಂಶಯ ನಿಜ.

ಅಗ್ಗದ ಕೇಬಲುಗಳಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳು ಲೇಪವಷ್ಟೇ ಇರುತ್ತದೆ. ಅದರ ರೋಧ ಅಪ್ಪಟ ತಾಮ್ರದ ಸುಮಾರು ಒಂದೂವರೆ ಪಟ್ಟು. ಮಾಹಿತಿ ಹೇಗೋ ಸಾಗುತ್ತದೆ, ವಿದ್ಯುತ್ ಸೊರಗುತ್ತದೆ. ಕೊಳ್ಳುವ ಮುನ್ನ ತುದಿಯ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಹೊಳೆದರೆ ಆ ಸುರುಳಿಯನ್ನು ಅಂಗಡಿಯವರಿಗೇ ಹಿಂದಿರುಗಿಸಿ.