ಕಿರುಚಿತ್ರದ ತೀರ್ಪಿಗೆ ಫ್ಯಾನಿನ ಸದ್ದೂ ಸಾಕ್ಷಿ

2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ 'ಲಾ ಸಿನೆಫ್' ವಿಭಾಗದಲ್ಲಿ ಮೊದಲ ಬಹುಮಾನ ಪಡೆದದ್ದು ಬರೀ 16 ನಿಮಿಷದ ಕನ್ನಡ ಚಿತ್ರ, 'ಸನ್‌ಫ್ಲವರ್ಸ್ ವೇರ್ ದ ಫಸ್ಟ್ ಒನ್ಸ್ ಟು ನೋ'. ಇದು ವಿದ್ಯಾರ್ಥಿಗಳ ಚಿತ್ರಗಳಿಗೆಂದೇ ಇರುವ ವಿಭಾಗ. ನಿರ್ದೇಶಕ ಚಿದಾನಂದ ಎಸ್. ನಾಯ್ಕ ಮೈಸೂರಿನವರು, ಓದಿದ್ದು ವೈದ್ಯಕೀಯ. ಪುಣೆಯ ಫಿಲ್ಮ್ ಆ್ಯಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್‌ನ ಒಂದು ವರ್ಷದ ಕೋರ್ಸಿನ ಕೊನೆಯ ಅಭ್ಯಾಸವಾಗಿ ಈ ಚಿತ್ರ ತಯಾರಾಯಿತು. ಆ ಅಭ್ಯಾಸದ ನಿಯಮವೇ ಸ್ವಾರಸ್ಯವಾದದ್ದು: ನಿರ್ದೇಶನ, ಛಾಯಾಗ್ರಹಣ, ಸಂಕಲನ, ಶಬ್ದ ಹೀಗೆ ನಾಲ್ಕು ವಿಭಾಗಗಳ ವಿದ್ಯಾರ್ಥಿಗಳು ಸೇರಿ ಒಂದೇ ಚಿತ್ರ ಮಾಡಬೇಕು. ಸೂರಜ್ ಠಾಕೂರ್ ಕ್ಯಾಮೆರಾ ಹಿಡಿದರು, ಮನೋಜ್ ವಿ. ಸಂಕಲನ ಮಾಡಿದರು, ಅಭಿಷೇಕ್ ಕದಂ ಶಬ್ದ ನೋಡಿಕೊಂಡರು.

ಕಾಲೇಜು ಉತ್ಸವಗಳಲ್ಲಿ ತೀರ್ಪುಗಾರರ ಕೈಗೆ ಬರುವ ಹಾಳೆಯಲ್ಲೂ ಹೆಚ್ಚುಕಡಿಮೆ ಇವೇ ಕಾಲಂಗಳು: ಕಥೆ, ಶಬ್ದ, ಸಂಕಲನ, ತಂಡದ ಕೆಲಸ. ಮೊದಲ ಮೂರು ಪರದೆಯ ಮೇಲೆ ಸಿಗುತ್ತವೆ. ನಾಲ್ಕನೆಯದು ಎಲ್ಲಿ ಕಾಣುತ್ತದೆ? ಹೆಚ್ಚಿನವರು ಚಿತ್ರ ಹಿಡಿಸಿದರೆ 'ಒಳ್ಳೆಯ ತಂಡ' ಎಂದು ಅಂಕ ಹಾಕಿ ಮುಂದೆ ಹೋಗುತ್ತಾರೆ. ಆದರೆ ತಂಡದ ಕೆಲಸವನ್ನು ನಿಜಕ್ಕೂ ಪತ್ತೆಹಚ್ಚಬಹುದು, ಅದೂ ಮಿಕ್ಕ ಮೂರರ ತಪ್ಪುಗಳ ಒಳಗೇ.

ಒಂದು ಚಿತ್ರ ಕಲ್ಪಿಸಿಕೊಳ್ಳೋಣ. ಒಂಬತ್ತು ನಿಮಿಷದ್ದು. ಅಜ್ಜನ ಹಳೆಯ ಹೊಲಿಗೆ ಯಂತ್ರ ಮಾರಿ ಮೊಮ್ಮಗ ಕಾಲೇಜು ಫೀಸು ಕಟ್ಟಬೇಕು, ಅಜ್ಜನಿಗೆ ಮನಸ್ಸಿಲ್ಲ. ಗುಜರಿಯವನು ಮನೆಗೆ ಬಂದು ₹1,500 ಎನ್ನುತ್ತಾನೆ.

ಕಥೆಯ ಎಳೆ ಗಟ್ಟಿಯಾಗಿದೆ. ಯಾರಿಗೆ ಏನು ಬೇಕು, ಅಡ್ಡ ಬಂದದ್ದೇನು ಎಂಬುದು ಒಂದೇ ಮಾತಿನಲ್ಲಿ ಹೇಳಲು ಬರುತ್ತದೆ. ಕಾನ್‌ನಲ್ಲಿ ಗೆದ್ದ ಚಿತ್ರದ ಕಥೆಯೂ ಅಂಥದ್ದೇ: ಮುದುಕಿಯೊಬ್ಬಳು ಊರಿನ ಹುಂಜ ಕದಿಯುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ಆದರೆ ನಮ್ಮ ಒಂಬತ್ತು ನಿಮಿಷದಲ್ಲಿ ಮೊದಲ ಎರಡು ನಿಮಿಷ ಅಲಾರಾಂ, ಹಲ್ಲುಜ್ಜುವುದು, ಬಸ್ಸು, ಡ್ರೋನಿನಿಂದ ತೆಗೆದ ಊರು ಇವಕ್ಕೇ ಕಳೆದುಹೋಗಿದೆ. ಗುಜರಿಯವನು ಬಾಗಿಲು ತಟ್ಟುವವರೆಗೆ ಕಥೆ ಶುರುವಾಗಿಲ್ಲ. ವಿದ್ಯಾರ್ಥಿ ಚಿತ್ರಗಳಲ್ಲಿ ಅಲಾರಾಂ ಹೊಡೆದಷ್ಟು ನಿಜಜೀವನದಲ್ಲೂ ಹೊಡೆಯುವುದಿಲ್ಲವೇನೋ! ಪರೀಕ್ಷೆ ಸರಳ: ಆ ಎರಡು ನಿಮಿಷ ತೆಗೆದುಹಾಕಿದರೆ ಕೊನೆಯ ದೃಶ್ಯಕ್ಕೆ ಏನಾದರೂ ನಷ್ಟವಿದೆಯೇ? ಇಲ್ಲವೆಂದಾದರೆ ಅಂಕ ಅಲ್ಲೇ ಕಡಿಮೆಯಾಗಬೇಕು.

ಮುಂದಿನದು ಶಬ್ದ. ಕಿರುಚಿತ್ರ ಸೋಲುವುದು ಬಹುಮಟ್ಟಿಗೆ ಇಲ್ಲೇ. ಪ್ರೇಕ್ಷಕ ಕೊಂಚ ಮಸುಕಾದ ಚಿತ್ರವನ್ನು ಸಹಿಸಿಕೊಳ್ಳುತ್ತಾನೆ, ಕೇಳಿಸದ ಮಾತನ್ನು ಸಹಿಸಿಕೊಳ್ಳುವುದಿಲ್ಲ. ಅನುಭವಿ ತೀರ್ಪುಗಾರರು ಚಿತ್ರವನ್ನು ಒಮ್ಮೆ ಸುಮ್ಮನೆ ನೋಡಿ, ಆಮೇಲೆ ಮುಖ್ಯ ದೃಶ್ಯವನ್ನು ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿ ಕೇಳುತ್ತಾರೆ. ನಮ್ಮ ಚಿತ್ರದ ವರಾಂಡದ ದೃಶ್ಯವನ್ನು ಹಾಗೆ ಕೇಳಿದರೆ ವಿಚಿತ್ರವೊಂದು ಹೊರಬೀಳುತ್ತದೆ. ಅಜ್ಜ ಮಾತಾಡುವಾಗ ಹಿಂದೆ ಫ್ಯಾನಿನ ಗುಂಯ್ ಸದ್ದಿದೆ, ಮೊಮ್ಮಗ ಬಾಯಿ ತೆರೆದಾಗ ಅದು ತಟ್ಟನೆ ನಿಲ್ಲುತ್ತದೆ, ಮತ್ತೆ ಅಜ್ಜ, ಮತ್ತೆ ಫ್ಯಾನು. ಕಣ್ಣಿಗೆ ಒಂದೇ ವರಾಂಡ, ಕಿವಿಗೆ ಎರಡು ಮನೆ.

ಕಾರಣ ಊಹಿಸುವುದು ಕಷ್ಟವಲ್ಲ. ಅಜ್ಜನ ಭಾಗ ತೆಗೆಯುವಾಗ ಫ್ಯಾನು ಓಡುತ್ತಿತ್ತು, ಮೊಮ್ಮಗನ ಭಾಗಕ್ಕೆ ಯಾರೋ ಆರಿಸಿದರು. ತಡೆಯುವುದೂ ಸುಲಭವಿತ್ತು. ಮಾತಿನ ಶಾಟುಗಳಿಗೆಲ್ಲ ಫ್ಯಾನು ಆರಿಸಿ, ಕೊನೆಯಲ್ಲಿ ಎಲ್ಲರೂ ಬಾಯಿ ಮುಚ್ಚಿ ನಿಂತು ಆ ಜಾಗದ ಬರೀ ಮೌನವನ್ನು ಅರ್ಧ ನಿಮಿಷ, ಫ್ಯಾನಿನ ಸದ್ದನ್ನು ಇನ್ನೊಂದು ನಿಮಿಷ ಪ್ರತ್ಯೇಕವಾಗಿ ರೆಕಾರ್ಡ್ ಮಾಡಿಕೊಳ್ಳಬೇಕಿತ್ತು. ಮೌನಕ್ಕೂ ಪ್ರತಿ ಕೋಣೆಯಲ್ಲಿ ಒಂದೊಂದು ಸದ್ದಿರುತ್ತದೆ. ಇದಕ್ಕೆ ಚಿತ್ರತಂಡಗಳಲ್ಲಿ 'ರೂಮ್ ಟೋನ್' ಎನ್ನುತ್ತಾರೆ. ಅದನ್ನು ಇಡೀ ದೃಶ್ಯದ ಕೆಳಗೆ ಹಾಸಿದರೆ ಕಟ್‌ಗಳ ಜಾಗ ಕಿವಿಗೆ ಗೊತ್ತಾಗುವುದಿಲ್ಲ. ಅದಿಲ್ಲದ ತಂಡ ಕೊನೆಗೆ ಪಿಟೀಲು ಸಂಗೀತವನ್ನು ಜೋರು ಮಾಡಿ ಮುಚ್ಚಿಬಿಡುತ್ತದೆ. ಮಾತಿನ ದೃಶ್ಯದಲ್ಲಿ ಕಾರಣವಿಲ್ಲದೆ ಸಂಗೀತ ಏರಿದರೆ, ಅದರಡಿಯಲ್ಲಿ ಏನು ಅಡಗಿದೆ ಎಂದು ಕಿವಿಗೊಡುವುದು ಒಳ್ಳೆಯದು.

ಸಂಕಲನಕ್ಕೆ ಉಲ್ಟಾ ಪ್ರಯೋಗ: ಶಬ್ದ ಪೂರ್ತಿ ಬಂದ್ ಮಾಡಿ ನೋಡುವುದು. ಹಾಲಿವುಡ್‌ನ ಸಂಕಲನಕಾರ ವಾಲ್ಟರ್ ಮರ್ಚ್ ಒಳ್ಳೆಯ ಕಟ್‌ಗೆ ಆರು ಅಳತೆಗಳನ್ನು ಹೇಳಿ, ಪ್ರತಿಯೊಂದಕ್ಕೂ ತೂಕ ಕೊಟ್ಟಿದ್ದಾರೆ. ಭಾವಕ್ಕೆ ನೂರರಲ್ಲಿ 51, ಕಥೆಗೆ 23, ಲಯಕ್ಕೆ 10. ನಟ ಎಲ್ಲಿ ನಿಂತಿದ್ದ, ಕಟ್ ಆದ ಮೇಲೂ ಅಲ್ಲೇ ಇದ್ದಾನೆಯೇ ಎಂಬ ಜಾಗದ ಲೆಕ್ಕಕ್ಕೆ ಬರೀ 4. ತೀರ್ಪುಗಾರರು ಮಾಡುವುದು ಹೆಚ್ಚಾಗಿ ಇದರ ತಿರುಗುಮುರುಗು. ಲೋಟ ಎಡಗೈಯಿಂದ ಬಲಗೈಗೆ ಬಂತೆಂದು ಎರಡು ಅಂಕ ಕಳೆಯುತ್ತಾರೆ, ಭಾವ ತಪ್ಪಿದ್ದನ್ನು ಬಿಟ್ಟುಬಿಡುತ್ತಾರೆ.

ನಮ್ಮ ಚಿತ್ರದಲ್ಲಿ ತಪ್ಪಿದ್ದು ಭಾವವೇ. ಗುಜರಿಯವನು ಬೆಲೆ ಹೇಳುವಾಗ ನೋಡಬೇಕಾದದ್ದು ಅಜ್ಜನ ಮುಖ. ಮಾತು ಗುಜರಿಯವನದೇ ಕೇಳುತ್ತಿರಲಿ, ಪರದೆಯ ಮೇಲೆ ಅಜ್ಜ ಇರಬೇಕಿತ್ತು. ಇಲ್ಲಿ ಮಾತಾಡಿದವನ ಮುಖಕ್ಕೇ ಕಟ್, ಉತ್ತರ ಕೊಟ್ಟವನಿಗೆ ಇನ್ನೊಂದು ಕಟ್.

ಆದರೆ ಇದು ಸಂಕಲನಕಾರನ ತಪ್ಪೇ? ಅಜ್ಜ ಸುಮ್ಮನೆ ಕೇಳಿಸಿಕೊಳ್ಳುವ ಶಾಟನ್ನು ತೆಗೆದೇ ಇಲ್ಲದಿದ್ದರೆ ಅವನು ಎಲ್ಲಿಂದ ತರಬೇಕು? ಪರದೆ ನೋಡುತ್ತಾ ಕೂತರೆ ಇದಕ್ಕೆ ಉತ್ತರ ಸಿಗದು, ತಂಡವನ್ನೇ ಕೇಳಬೇಕು. ಹತ್ತು ನಿಮಿಷದ ಸಂದರ್ಶನ ಇಟ್ಟುಕೊಳ್ಳುವ ಸ್ಪರ್ಧೆಗಳಲ್ಲಿ ತಂಡದ ಕೆಲಸಕ್ಕೆ ಅಂಕ ಕೊಡುವುದು ಸಾಧ್ಯ, ಇಲ್ಲದ ಕಡೆ ಆ ಕಾಲಂ ಇಡದಿರುವುದೇ ಲೇಸು.

ಕೇಳುವ ರೀತಿಯೂ ಮುಖ್ಯ. 'ಎಲ್ಲರೂ ಸೇರಿ ಕೆಲಸ ಮಾಡಿದಿರಾ?' ಎಂದರೆ 'ಹೌದು ಸರ್' ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಬದಲಿಗೆ ಶಬ್ದದ ಹುಡುಗಿಯನ್ನು ಹೆಸರಿಟ್ಟು ಕರೆದು, ವರಾಂಡದಲ್ಲಿ ಫ್ಯಾನಿನ ಸಂಗತಿ ಏನಾಯಿತು ಎಂದು ಕೇಳಬೇಕು. 'ಆರಿಸೋಣ ಅಂದೆ, ವೈಡ್ ಶಾಟ್‌ನಲ್ಲಿ ಅದು ತಿರುಗೋದು ಕಾಣಿಸ್ತಿತ್ತು, ಟೈಮ್ ಇಲ್ಲ ಅಂದ್ರು' ಎಂದರೆ ಅವಳಿಗೆ ಕೆಲಸ ಗೊತ್ತು, ಅವಳ ಮಾತು ನಡೆಯಲಿಲ್ಲ ಎಂದಾಯಿತು. ಅವಳು ತಬ್ಬಿಬ್ಬಾಗಿ ನಿರ್ದೇಶಕನ ಮುಖ ನೋಡಿದರೆ, ಟೈಟಲ್ ಕಾರ್ಡಿನಲ್ಲಿ ಅವಳ ಹೆಸರು ಮಾತ್ರ ಇದೆ ಎಂದು ತಿಳಿಯಬಹುದು. ಎಲ್ಲ ಪ್ರಶ್ನೆಗೂ ಒಬ್ಬನೇ ಉತ್ತರಿಸುವ ತಂಡಗಳು ಬಹಳ. ಹೊರಗಿನ ಸ್ಟುಡಿಯೋದಲ್ಲಿ ದುಡ್ಡು ಕೊಟ್ಟು ಸಂಕಲನ ಮಾಡಿಸಿದ ಅನುಮಾನವಿದ್ದರೆ, ಲ್ಯಾಪ್‌ಟಾಪ್‌ನಲ್ಲಿ ಆ ಪ್ರಾಜೆಕ್ಟ್ ತೆರೆದು ಒಂದು ಕಟ್ ಬದಲಿಸಿ ತೋರಿಸಲು ಹೇಳಿದರೆ ಸಾಕು.

ಇನ್ನು ಅಂಕ. ಕಥೆಗೆ 30, ಶಬ್ದಕ್ಕೆ 25, ಸಂಕಲನಕ್ಕೆ 25, ತಂಡಕ್ಕೆ 20 ಎಂದಿಟ್ಟುಕೊಂಡರೆ ಈ ಚಿತ್ರಕ್ಕೆ 19, 11, 14 ಮತ್ತು 10, ಒಟ್ಟು 54 ಕೊಡಬಹುದು. ಇಲ್ಲಿ ಎಚ್ಚರ ಬೇಕಾದದ್ದು ಒಂದೇ ತಪ್ಪಿಗೆ ಎರಡು ಸಲ ದಂಡ ಹಾಕದಿರುವುದರಲ್ಲಿ. ಫ್ಯಾನಿನ ಸದ್ದಿಗೆ ಶಬ್ದದ ಕಾಲಂನಲ್ಲಿ ಕಳೆದ ಮೇಲೆ, 'ಕಟ್ ಎದ್ದು ಕಾಣುತ್ತದೆ' ಎಂದು ಸಂಕಲನದಲ್ಲಿ ಮತ್ತೆ ಕಳೆಯುವಂತಿಲ್ಲ. ಅಜ್ಜನ ಶಾಟು ತೆಗೆದೇ ಇರಲಿಲ್ಲ ಎಂದು ಸಂದರ್ಶನದಲ್ಲಿ ತಿಳಿದರೆ ಸಂಕಲನದ 14 ಅನ್ನು 17ಕ್ಕೆ ಏರಿಸಿ, ತಂಡದ 10 ಅನ್ನು 8ಕ್ಕೆ ಇಳಿಸಬೇಕು. ಶಾಟ್ ಪಟ್ಟಿ ಬರೆಯುವಾಗ ಸಂಕಲನಕಾರನನ್ನು ಯಾರೂ ಕರೆದಿರಲಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಒಟ್ಟು 55 ಆಗುತ್ತದೆ. ಮೊತ್ತ ಹೆಚ್ಚೇನೂ ಬದಲಾಗಲಿಲ್ಲ, ಆದರೆ ಮುಂದಿನ ಚಿತ್ರಕ್ಕೆ ಯಾರು ಏನು ತಿದ್ದಿಕೊಳ್ಳಬೇಕೆಂಬುದು ಬದಲಾಯಿತು. ಅದಕ್ಕೇ ಹಾಳೆಯ ಕೆಳಗಿನ ಷರಾದಲ್ಲಿ 'ಶಬ್ದ ಸುಧಾರಿಸಬೇಕು' ಎಂದು ಗೀಚುವ ಬದಲು, '4 ನಿಮಿಷ 10 ಸೆಕೆಂಡಿನಿಂದ ಮೊಮ್ಮಗನ ಶಾಟುಗಳಲ್ಲಿ ಫ್ಯಾನಿನ ಸದ್ದಿಲ್ಲ' ಎಂದು ಸಮಯದ ಸಮೇತ ಬರೆದುಕೊಡಬೇಕು.